"ಇನ್ನು ಯಾರು ಎದ್ದಿದ್ದಾರೆ?" ಅಂದ್ರೆ ಮಗು "ನಾನು!" ಅಂತ ಎದ್ದು ಕೂರುತ್ತೆ. ನನ್ನ ಮಲಗಿಸೋ ಕಥೆ ಎಲ್ಲಿ ಕೆಟ್ಟಿತು?

ಗೀರುಗೆರೆ

ಎರಡು ತಿಂಗಳು ಒಬ್ಬಳೇ ಕೂತು ಆರು ನಿಮಿಷದ ಒಂದು ಅನಿಮೇಷನ್ ಮಾಡಿದ್ದೀನಿ. ಅಕ್ಕನ ಮಗಳಿಗೆ ಎರಡೂವರೆ ವರ್ಷ. ಅವಳಂಥ ಮಕ್ಕಳಿಗೆ ರಾತ್ರಿ ಮಲಗೋ ಹೊತ್ತಿಗೆ ತೋರಿಸೋ ಕಥೆ ಇದು.

ಕಾಡಲ್ಲಿ ಏಳು ಮರಿಗಳು, ಒಂದೊಂದಾಗಿ ಮಲಗ್ತವೆ, ಅಷ್ಟೇ ಕಥೆ. ಆನೆಮರಿ ಆಕಳಿಸುತ್ತೆ, ಅಮ್ಮನ ಕಾಲಿಗೆ ಒರಗುತ್ತೆ, ಕೊಂಬೆಗೆ ತೂಗುಹಾಕಿರೋ ಪುಟ್ಟ ದೀಪ 'ಟಿಕ್' ಅಂತ ಆರುತ್ತೆ. ಆಮೇಲೆ ಕಥೆ ಹೇಳೋ ದನಿ, "ಆನೆಮರಿ ಮಲಗಿತು. ಇನ್ನು ಯಾರು ಎದ್ದಿದ್ದಾರೆ?" ಅಂತ ಕೇಳುತ್ತೆ. ಎರಡು ಸೆಕೆಂಡ್ ಮೌನ. ಆಮೇಲೆ ಮೊಲದ ಮರಿ, ಜಿಂಕೆ ಮರಿ, ಹೀಗೆ ಏಳು ಸುತ್ತು. ಒಂದು ಸುತ್ತಿಗೆ ಸುಮಾರು 45 ಸೆಕೆಂಡ್. ಹಿನ್ನೆಲೆಯಲ್ಲಿ ತುಂಬಾ ಮೆತ್ತಗಿನ, ತಗ್ಗಿನ ಸ್ವರದ ಗುಂಯ್‌ಗುಟ್ಟುವ ಸಂಗೀತ. ಒಂದೂ ಕಟ್ ಇಲ್ಲ, ಎಲ್ಲಾ ನಿಧಾನವಾದ ಡಿಸಾಲ್ವ್.

ಮೊದಲ ಎರಡು ರಾತ್ರಿ ಹುಡುಗಿ ಬಾಯಿಬಿಟ್ಟುಕೊಂಡು ನೋಡಿದಳು. ಮೂರನೇ ರಾತ್ರಿಯಿಂದ ತಲೆಕೆಳಗಾಯ್ತು. ದೀಪ ಆರೋಕೆ ಮುಂಚೆನೇ ಹಾಸಿಗೆ ಮೇಲೆ ನಿಂತು "ಟಿಕ್!" ಅಂತ ಕೂಗ್ತಾಳೆ. "ಇನ್ನು ಯಾರು ಎದ್ದಿದ್ದಾರೆ?" ಅಂದ ತಕ್ಷಣ "ನಾನೂಊಊ!" ಅಂತಾಳೆ. ಅಕ್ಕ ಫೋನ್ ಮಾಡಿ, "ನೀನು ಮಲಗಿಸೋ ಕಥೆ ಮಾಡಿದ್ಯೋ ಎಬ್ಬಿಸೋ ಕಥೆ ಮಾಡಿದ್ಯೋ" ಅಂತ ನಗ್ತಿದ್ದಾಳೆ.

ಮತ್ತೆ ಮತ್ತೆ ಅದೇ ಬಂದರೆ ಮಕ್ಕಳು ಶಾಂತವಾಗ್ತಾರೆ ಅಂತ ಎಲ್ಲರೂ ಹೇಳ್ತಾರಲ್ಲ. ನನ್ನಲ್ಲಿ ಯಾಕೆ ಉಲ್ಟಾ ಆಯ್ತು?

ಅವಳಿಅಮ್ಮ

ನಮ್ಮನೇಲೂ ಇದೇ ಗೋಳು ರೀ. ಅವಳಿ, ಎರಡು ವರ್ಷ. ಒಬ್ಬಳು ಮಲಗಿದ್ರೆ ಇನ್ನೊಬ್ಬಳು ಎಬ್ಬಿಸ್ತಾಳೆ. ನೀವು ಯಾವುದಾದ್ರೂ ಒಂದು ಗಂಟೆಯ ಮಳೆ ಸದ್ದಿನ ವಿಡಿಯೋ ಹಾಕಿ ನೋಡಿ, ಕಥೆ ಗಿಥೆ ಬೇಡವೇ ಬೇಡ. ನಮಗೆ ಅದೇ ಆಗಿಬಂತು.

ಗೀರುಗೆರೆ

ಅಕ್ಕಾ, ನೋಡೋಕೆ ವಿಡಿಯೋ ಹುಡುಕ್ತಿಲ್ಲ ನಾನು, ನಾನೇ ಮಾಡಿರೋದನ್ನ ಸರಿಮಾಡಬೇಕು. ಆದ್ರೂ ಮಳೆ ಸದ್ದಿನ ಮಾತು ತಲೇಲಿ ಇಟ್ಕೊಂಡೆ.

ನಿಧಾನವೇಸರಿ

ನಿಮ್ಮ ಸಮಸ್ಯೆ ವೇಗದ್ದು. 45 ಸೆಕೆಂಡಿಗೆ ಒಂದು ಪ್ರಾಣಿ ಬದಲಾಗೋದು ಆ ವಯಸ್ಸಿಗೆ ಜಾಸ್ತಿ. 2011ರಲ್ಲಿ ನಾಲ್ಕು ವರ್ಷದ ಮಕ್ಕಳ ಮೇಲೆ ಒಂದು ಪ್ರಯೋಗ ನಡೆದಿತ್ತು, ಲಿಲ್ಲಾರ್ಡ್ ಮತ್ತು ಪೀಟರ್ಸನ್ ಅನ್ನೋರದ್ದು. ಸರಾಸರಿ 11 ಸೆಕೆಂಡಿಗೊಮ್ಮೆ ದೃಶ್ಯ ಪೂರ್ತಿ ಬದಲಾಗೋ ಕಾರ್ಟೂನನ್ನ ಒಂದು ಗುಂಪಿಗೆ, 34 ಸೆಕೆಂಡಿಗೊಮ್ಮೆ ಬದಲಾಗೋದನ್ನ ಇನ್ನೊಂದು ಗುಂಪಿಗೆ ತೋರಿಸಿದ್ರು. ಬರೀ 9 ನಿಮಿಷ ನೋಡಿದ ಮೇಲೆ ಮೊದಲ ಗುಂಪಿನ ಮಕ್ಕಳು ತಾಳ್ಮೆ, ಗಮನ ಬೇಡುವ ಆಟಗಳಲ್ಲಿ ಹಿಂದೆ ಬಿದ್ರು. ಹಾಗಾಗಿ ಒಂದು ಸುತ್ತನ್ನ 90 ಸೆಕೆಂಡಿಗೆ ಎಳೀರಿ, ಎಲ್ಲಾ ಸರಿಹೋಗುತ್ತೆ.

ಶಿಶುವಿಹಾರದ ಟೀಚರ್

ಆ ಪ್ರಯೋಗ ನಿಜ, ಆದರೆ ಅದರ ಮುಂದಿನ ಭಾಗ ಬಿಟ್ಟುಹೋಗಿದೆ. 2015ರಲ್ಲಿ ಲಿಲ್ಲಾರ್ಡ್ ಅವರ ತಂಡವೇ ವೇಗವನ್ನೂ ಕಥೆಯೊಳಗಿನ ಅಸಾಧ್ಯ ಸಂಗತಿಗಳನ್ನೂ ಬೇರೆಬೇರೆ ಮಾಡಿ ನೋಡಿತು. ತೊಂದರೆ ಬಂದಿದ್ದು ವೇಗಕ್ಕಿಂತ ಹೆಚ್ಚಾಗಿ 'ಹೀಗೂ ಆಗುತ್ತಾ?' ಅನ್ನಿಸೋ ಘಟನೆಗಳಿಂದ. ಮಗುವಿನ ತಲೆ ಅದನ್ನು ಜೀರ್ಣ ಮಾಡಿಕೊಳ್ಳೋಕೆ ಕೆಲಸ ಮಾಡ್ತಾ ಇರುತ್ತೆ. ಜೊತೆಗೆ ಆ ಮಕ್ಕಳಿಗೆ ನಾಲ್ಕು ವರ್ಷ, ಅಳೆದಿದ್ದು ಗಮನವನ್ನ, ನಿದ್ದೆಯನ್ನಲ್ಲ. ಗೀರುಗೆರೆಯವರ ಮಗುವಿಗೆ ಅದನ್ನು ನೇರವಾಗಿ ಅಂಟಿಸೋಕೆ ಬರಲ್ಲ.

ನನಗೆ ಅನ್ನಿಸೋದು ಬೇರೆ. ನೀವು ಕಲಿಸೋ ಕಾರ್ಯಕ್ರಮದ ಅಚ್ಚಲ್ಲಿ ಮಲಗಿಸೋ ಕಥೆ ಎರೆದಿದ್ದೀರಿ. 1996ರಲ್ಲಿ ಶುರುವಾದ 'ಬ್ಲೂಸ್ ಕ್ಲೂಸ್' ಅನ್ನೋ ಮಕ್ಕಳ ಕಾರ್ಯಕ್ರಮದವರು ಒಂದೇ ಕಂತನ್ನ ವಾರದ ಐದೂ ದಿನ ಹಾಕ್ತಿದ್ರು. ಅದನ್ನು ಅಧ್ಯಯನ ಮಾಡಿದಾಗ, ಮಕ್ಕಳು ಮತ್ತೆ ಮತ್ತೆ ನೋಡಿದಷ್ಟೂ ಹೆಚ್ಚು ಕೂಗಿ ಉತ್ತರ ಹೇಳ್ತಿದ್ರು ಅಂತ ಗೊತ್ತಾಯ್ತು. ಅಲ್ಲಿ ಬೇಕಾಗಿದ್ದೇ ಅದು. ಪ್ರಶ್ನೆ ಕೇಳು, ತಡೆ, ಮಗು ಉತ್ತರ ಹೇಳಲಿ. ನಿಮ್ಮ "ಇನ್ನು ಯಾರು ಎದ್ದಿದ್ದಾರೆ?" ಮತ್ತು ಆಮೇಲಿನ ಎರಡು ಸೆಕೆಂಡ್ ಮೌನ ಅದೇ ಉಪಾಯ. ಮೊದಲ ದಿನ ಅವಳಿಗೆ ಆಟ ಗೊತ್ತಿರಲಿಲ್ಲ, ಸುಮ್ಮನಿದ್ದಳು. ಮೂರನೇ ದಿನಕ್ಕೆ ಕಲಿತಳು. ಮಗು ನಿಮ್ಮ ಅನಿಮೇಷನ್ನನ್ನ ಸರಿಯಾಗೇ ಅರ್ಥ ಮಾಡಿಕೊಂಡಿದೆ!

ಗೀರುಗೆರೆ

ಅಯ್ಯೋ. ಆ ಮೌನ ನಾನು 'ಉಸಿರಾಡೋಕೆ ಜಾಗ' ಅಂತ ಬಿಟ್ಟಿದ್ದು.

ಪದಜೋಗಿ

ಉಸಿರಿಗೆ ಜಾಗ ಬಿಡಿ ತಂಗಿ, ಆದರೆ ವಾಕ್ಯ ಮುಗಿದ ಮೇಲೆ ಬಿಡಿ. ಪ್ರಶ್ನೆ ಆದ ಮೇಲೆ ಬಿಟ್ಟರೆ ಅದು ಖಾಲಿ ಕುರ್ಚಿ ಇಟ್ಟ ಹಾಗೆ, ಯಾರಾದರೂ ಬಂದು ಕೂರಲೇಬೇಕು.

ಜೋಗುಳಗಳಲ್ಲಿ ಪ್ರಶ್ನೆ ಇಲ್ಲ ಅಂತಲ್ಲ, "ಯಾಕಳುವೆ" ಅಂತ ಕೇಳಿದರೂ ಉತ್ತರವನ್ನು ಹಾಡುವವಳೇ ಹೇಳಿಬಿಡ್ತಾಳೆ. ಮಗುವಿಗೆ ಸರದಿ ಬರೋದೇ ಇಲ್ಲ. ನಿಮ್ಮ ಪಲ್ಲವಿಯಲ್ಲಿ ಪ್ರಶ್ನೆ ತೆಗೆದು 'ಊ' ಪ್ರತ್ಯಯ ತನ್ನಿ. "ಆನೆಮರಿ ಮಲಗಿತು. ಮೊಲದ ಮರಿಯೂ ಮಲಗಿತು. ಜಿಂಕೆ ಮರಿಯೂ ಮಲಗಿತು." ಆ 'ಯೂ' ಒಂದೇ ಸಾಕು, ಸಾಲಾಗಿ ಎಲ್ಲರೂ ಹೋಗ್ತಾ ಇದ್ದಾರೆ ಅನ್ನೋ ಭಾವ ಬರುತ್ತೆ. ದನಿ 'ಮಲಗಿತು' ಅನ್ನೋದರ ಕೊನೆಗೆ ಇಳೀಬೇಕು, ಪ್ರತಿ ಸಲವೂ ಅದೇ ಮಟ್ಟಕ್ಕೆ ಇಳೀಬೇಕು.

ಇನ್ನೊಂದು. ಪದಗಳ ಸದ್ದೂ ನೋಡಿ. 'ಕಣ್ಮುಚ್ಚಿತು', 'ನಿಶ್ಶಬ್ದ', 'ಥಟ್ಟನೆ', ಇವು ಮೈಕಿನಲ್ಲಿ ಚುಚ್ಚುತ್ತವೆ. ಲ, ಮ, ನ, ಳ, ವ ಇರೋ ಪದ ಆರಿಸಿ. 'ಮಲಗಿತು', 'ಒರಗಿತು', 'ಮೆಲ್ಲಗೆ' ಇವೆಲ್ಲ ತಾವಾಗೇ ಮೆತ್ತಗಿವೆ. ಬರೆದಿದ್ದನ್ನ ಪಿಸುಮಾತಲ್ಲಿ ಓದಿ ನೋಡಿದರೆ ಯಾವ ಪದ ಚುಚ್ಚುತ್ತೆ ಅಂತ ತಕ್ಷಣ ಗೊತ್ತಾಗುತ್ತೆ.

ಧ್ವನಿಪೆಟ್ಟಿಗೆ

ಪದಜೋಗಿಯವರು ಹೇಳಿದ್ದು ಒಪ್ಪುತ್ತೆ. ಆದರೆ ಪಿಸುಮಾತಲ್ಲಿ ರೆಕಾರ್ಡ್ ಮಾಡಬೇಡಿ, ಅದು ಬರೀ ಓದಿ ನೋಡೋಕೆ. ಪಿಸುಮಾತು ಅಂದ್ರೆ ಬರೀ ಗಾಳಿಯ ಸುಯ್ ಸದ್ದು, ಫೋನಿನ ಸ್ಪೀಕರಲ್ಲಿ ಕರಕರ ಅನ್ನುತ್ತೆ. ಮಾಮೂಲಿ ದನಿಯಲ್ಲೇ ಮೆಲ್ಲಗೆ, ಮೈಕಿಗೆ ಹತ್ತಿರ ಕೂತು, ಬಾಯಿಯನ್ನ ಸ್ವಲ್ಪ ಪಕ್ಕಕ್ಕೆ ತಿರುಗಿಸಿ ಮಾತಾಡಿ.

ಇನ್ನು 'ಟಿಕ್' ವಿಷಯ. ಫೈಲ್ ಕಳಿಸ್ತೀರಾ? ಅಥವಾ ಇದನ್ನ ನೀವೇ ಓಡಿಸಿ, ಕೊನೆಯಲ್ಲಿ ಬರೋ ಅಂಕಿಗಳನ್ನ ಇಲ್ಲಿ ಹಾಕಿ:

```
ffmpeg -i kathe.mp4 -af ebur128=peak=true -f null -
```

ಗೀರುಗೆರೆ

ಓಡಿಸಿದೆ. `I: -26.1 LUFS`, `LRA: 11.4 LU`, `Peak: -4.0 dBFS` ಅಂತ ಬಂತು. -26 ಅಂದ್ರೆ ಮೆತ್ತಗೇ ಇದೆ ಅಲ್ವಾ?

ಧ್ವನಿಪೆಟ್ಟಿಗೆ

ಸರಾಸರಿ ಮೆತ್ತಗಿದೆ. ತೊಂದರೆ ಇರೋದೇ ಅಲ್ಲಿ. ಸರಾಸರಿ -26, ಅತಿ ಎತ್ತರದ ಮೊನೆ -4. ನಡುವೆ 22 ಡೆಸಿಬಲ್ ಅಂತರ. ಆ ಮೊನೆ ಎಲ್ಲಿದೆ ಅಂತ ಅಲೆಯ ಚಿತ್ರ ನೋಡಿ, ಏಳು ಕಡೆ ಸೂಜಿ ಹಾಗೆ ಎದ್ದಿರುತ್ತೆ. ಏಳು ದೀಪ, ಏಳು ಟಿಕ್. ಅದು ಅಷ್ಟು ಚಿಕ್ಕ ಸದ್ದಾದ್ದರಿಂದ ಸರಾಸರಿಯಲ್ಲಿ ಲೆಕ್ಕಕ್ಕೇ ಬರಲ್ಲ, ಕಿವಿಗೆ ಮಾತ್ರ ಬರುತ್ತೆ.

ಈಗ ಮನೇಲಿ ಏನಾಗುತ್ತೆ ನೋಡಿ. ನೀವು ಹೆಡ್‌ಫೋನ್ ಹಾಕಿಕೊಂಡು ಮಿಕ್ಸ್ ಮಾಡಿದ್ದೀರಿ ಅಂದುಕೊಳ್ತೀನಿ. ಆ ತಗ್ಗಿನ ಗುಂಯ್ ಸದ್ದು 100-150 ಹರ್ಟ್ಸ್ ಆಸುಪಾಸಿನದು ಇರಬೇಕು. ಫೋನಿನ ಪುಟ್ಟ ಸ್ಪೀಕರಿಗೆ ಅಷ್ಟು ಕೆಳಗಿನ ಸ್ವರ ಹೆಚ್ಚುಕಮ್ಮಿ ಬರೋದೇ ಇಲ್ಲ. ಅಂದ್ರೆ ನೀವು ಮಗುವಿಗೆ ಹೊದಿಸಿದ ಹೊದಿಕೆ ಫೋನಲ್ಲಿ ಮಾಯ. ಉಳಿದದ್ದು ಮಾತು ಮತ್ತು ಟಿಕ್. ಮಾತು ಮೆತ್ತಗಿದೆ, ಕೇಳಿಸ್ತಿಲ್ಲ ಅಂತ ನಿಮ್ಮಕ್ಕ ವಾಲ್ಯೂಮ್ ಏರಿಸ್ತಾರೆ. ಜೊತೆಗೆ ಟಿಕ್ಕೂ ಏರುತ್ತೆ. ಮನುಷ್ಯರ ಕಿವಿ 2ರಿಂದ 4 ಸಾವಿರ ಹರ್ಟ್ಸ್ ನಡುವೆ ಅತಿ ಚುರುಕು, ಟಿಕ್ ಕೂತಿರೋದು ಸರಿಯಾಗಿ ಅಲ್ಲೇ.

ಇನ್ನೂ ಒಂದಿದೆ. ಯೂಟ್ಯೂಬ್ -14ಕ್ಕಿಂತ ಜೋರಾಗಿರೋದನ್ನ ತಗ್ಗಿಸುತ್ತೆ, ಮೆತ್ತಗಿರೋದನ್ನ ಎತ್ತಲ್ಲ. ನಿಮ್ಮ ಕಥೆ -26ರಲ್ಲಿ ಮುಗಿದು, ಮುಂದೆ ಬರೋ ವಿಡಿಯೋ ಅಥವಾ ಜಾಹೀರಾತು -14ರಲ್ಲಿ ಶುರುವಾದರೆ, ಏರಿಸಿಟ್ಟ ವಾಲ್ಯೂಮಿನಲ್ಲಿ 12 ಡೆಸಿಬಲ್ ಜಿಗಿತ. ಅಷ್ಟು ಹೊತ್ತು ಪಟ್ಟ ಪಾಡು ನೀರಲ್ಲಿ ಹೋಮ. ತುಂಬಾ ಮೆತ್ತಗೆ ಮಾಡೋದೂ ತಪ್ಪೇ.

ಅವಳಿಅಮ್ಮ

ಓ, ಇದಕ್ಕಾ! ನಮ್ಮ ಮಳೆ ವಿಡಿಯೋ ಮಧ್ಯೆ ಜಾಹೀರಾತು ಬಂದಾಗ ನಾನೇ ಬೆಚ್ಚಿಬೀಳ್ತೀನಿ. ಮಕ್ಕಳು ಎಷ್ಟೋ ವಾಸಿ.

ಧ್ವನಿಪೆಟ್ಟಿಗೆ

ಗಂಟೆಗಟ್ಟಲೆ ಉದ್ದ ಇರೋದಕ್ಕೆ ಅದೂ ಒಂದು ಕಾಟ. 8 ನಿಮಿಷ ಅಥವಾ ಅದಕ್ಕಿಂತ ಉದ್ದದ ವಿಡಿಯೋಗಳಿಗೆ ನಡುವೆ ಜಾಹೀರಾತು ತೂರಿಸೋಕೆ ಅವಕಾಶ ಇದೆ. ಗೀರುಗೆರೆ, ನಿಮ್ಮದು 6 ನಿಮಿಷ, ಅದರೊಳಗೇ ಇರಲಿ. ಇಲ್ಲವಾದರೆ ಫೈಲನ್ನೇ ಫೋನಿಗೆ ಇಳಿಸಿ ಕೊಡಿ.

ನಾನಾಗಿದ್ದರೆ ಹೀಗೆ ಮಾಡ್ತಿದ್ದೆ. ಒಟ್ಟು -18ರ ಸುಮಾರಿಗೆ ತರ್ತಿದ್ದೆ, ಆದರೆ ಏರಿಳಿತವನ್ನ 11ರಿಂದ 5-6ಕ್ಕೆ ಇಳಿಸ್ತಿದ್ದೆ. ತಗ್ಗಿನ ಸ್ವರವನ್ನ ಒಂದೂವರೆ ಎರಡು ಸಪ್ತಕ ಮೇಲೆ ತಂದು 300-600 ಹರ್ಟ್ಸ್ ನಡುವೆ ಕೂರಿಸ್ತಿದ್ದೆ, ಆಗ ಫೋನಲ್ಲೂ ಹೊದಿಕೆ ಉಳಿಯುತ್ತೆ. 7-8 ಸಾವಿರದ ಮೇಲಿನದನ್ನ ನಯವಾಗಿ ಇಳಿಸ್ತಿದ್ದೆ. ಟಿಕ್ ಪೂರ್ತಿ ತೆಗೀತಿದ್ದೆ. ದೀಪ ಆರೋಕೆ ಸದ್ದೇ ಬೇಡ.

ಮೌನದ ಬಗ್ಗೆ ಒಂದು ಮಾತು. ಮಾತಿನ ನಡುವೆ ಟ್ರ್ಯಾಕನ್ನ ಸೊನ್ನೆಗೆ ಕತ್ತರಿಸಬೇಡಿ. ಸದ್ದು ಪೂರ್ತಿ ನಿಂತರೆ ಅದೇ ಒಂದು ಘಟನೆ, ಮಗು 'ಏನಾಯ್ತು' ಅಂತ ನೋಡುತ್ತೆ. ಮೊದಲಿಂದ ಕೊನೆವರೆಗೂ ಒಂದು ಸಣ್ಣ ಗಾಳಿಯ ಸದ್ದು ಕೆಳಗೆ ಹರೀತಿರಲಿ. ಅದನ್ನ ಲೂಪ್ ಮಾಡೋದಾದ್ರೆ ಬೆಸುಗೆ ಕಡೆ ಒಂದೆರಡು ಸೆಕೆಂಡ್ ಕ್ರಾಸ್‌ಫೇಡ್ ಕೊಡಿ, ಇಲ್ಲದಿದ್ರೆ ಅಲ್ಲೊಂದು ಹೊಸ ಟಿಕ್ ಹುಟ್ಟುತ್ತೆ.

ಕೀಫ್ರೇಮ್

ಚಿತ್ರದ ಕಡೆ ಯಾರೂ ಬರ್ಲಿಲ್ಲ. ದೀಪ ಎಷ್ಟು ಫ್ರೇಮಲ್ಲಿ ಆರುತ್ತೆ?

ಗೀರುಗೆರೆ

ಎರಡು ಫ್ರೇಮ್. 24 ಎಫ್‌ಪಿಎಸ್.

ಕೀಫ್ರೇಮ್

ಸದ್ದು ತೆಗೆದ್ರೂ ಕಣ್ಣಿಗೆ ಅದು ಟಿಕ್ಕೇ. 72 ಫ್ರೇಮ್ ಕೊಡಿ, ಮೂರು ಸೆಕೆಂಡ್, ಎರಡೂ ತುದಿಗೆ ಈಸ್. ಯಾವ ಕ್ಷಣದಲ್ಲಿ ಆರಿತು ಅಂತ ತೋರಿಸೋಕೇ ಆಗಬಾರದು. ತೋರಿಸೋಕೆ ಆದ್ರೆ ಮಗು ಆ ಕ್ಷಣಕ್ಕೆ ಕಾಯುತ್ತೆ.

ಮಲಗಿದ ಮರಿಗಳ ಉಸಿರು ಹೇಗೆ ಮಾಡಿದ್ದೀರಿ?

ಗೀರುಗೆರೆ

ಹೊಟ್ಟೆ ಏರಿಳಿಯೋದು 48 ಫ್ರೇಮಿನ ಲೂಪ್. ಎಲ್ಲಕ್ಕೂ ಅದೇ ಕಾಪಿ ಮಾಡಿದ್ದೀನಿ.

ಕೀಫ್ರೇಮ್

ಎರಡು ಸೆಕೆಂಡಿಗೊಂದು ಉಸಿರು, ನಿಮಿಷಕ್ಕೆ 30. ಓಡಿಬಂದ ಮರಿ ಥರ ಕಾಣುತ್ತೆ. 96 ಮಾಡಿ. ಒಳಗೆಳೆಯೋದು 40, ಹೊರಬಿಡೋದು 56. ಬಿಡೋದು ಉದ್ದ ಇದ್ರೇನೇ ಮಲಗಿದ ಹಾಗೆ ಕಾಣೋದು. ಮೊದಮೊದಲು ಒಂದೊಂದಕ್ಕೂ ಹತ್ತಿಪ್ಪತ್ತು ಫ್ರೇಮ್ ಹಿಂದೆಮುಂದೆ ಇರಲಿ, ಕೊನೆ ಸುತ್ತಿಗೆ ಎಲ್ಲಾ ಒಟ್ಟಿಗೆ ಉಸಿರಾಡಲಿ. ಇದು ನನ್ನ ಚಟ, ಪ್ರೂಫ್ ಕೇಳಬೇಡಿ.

ನಿಧಾನವೇಸರಿ

ಸರಿ, ಪ್ರಶ್ನೆಯ ವಿಷಯ ಒಪ್ಪಿದೆ. ಆದರೂ ಸುತ್ತುಗಳು ಬರ್ತಾ ಬರ್ತಾ ಉದ್ದ ಆಗಬೇಕು ಅನ್ನೋದನ್ನ ಬಿಡಲ್ಲ. ಮೊದಲನೇದು 40 ಸೆಕೆಂಡ್ ಇದ್ದರೆ ಕೊನೇದು 70.

ಶಿಶುವಿಹಾರದ ಟೀಚರ್

ನನ್ನ ಅನುಭವ ಬೇರೆ. ಮಧ್ಯಾಹ್ನ ಮಲಗಿಸೋವಾಗ ನಾನು ಕಥೆ ಹೇಳ್ತಾ ಪದ ಕಳಚ್ತಾ ಹೋಗ್ತೀನಿ. ಮೊದಲನೇ ಮರಿ ಆಕಳಿಸುತ್ತೆ, ಅಮ್ಮನ್ನ ಹುಡುಕುತ್ತೆ, ಒರಗುತ್ತೆ, ಕಣ್ಣು ಕಿರಿದಾಗುತ್ತೆ, ಮಲಗುತ್ತೆ. ಮೂರನೇದು ಬರೀ ಒರಗುತ್ತೆ, ಮಲಗುತ್ತೆ. ಕೊನೇದು ನಾವು ನೋಡೋ ಹೊತ್ತಿಗೆ ಮಲಗೇಬಿಟ್ಟಿದೆ. ಹೊತ್ತು ಅಷ್ಟೇ ಹಿಡಿಯುತ್ತೆ, ಒಳಗಿನ ಸಂಗತಿ ಕಮ್ಮಿ ಆಗುತ್ತೆ. 70 ಸೆಕೆಂಡಿಗೆ ಎಳೆದು ಒಳಗೆ ಅಷ್ಟೇ ಸಂಗತಿ ಇಟ್ಟರೆ ಎರಡು ವರ್ಷದವರು ತಿರುಗಿ ಗೊಂಬೆ ಹುಡುಕೋಕೆ ಹೋಗ್ತಾರೆ.

ನಿಧಾನವೇಸರಿ

ನೀವು ಎದುರಿಗೆ ಇರ್ತೀರಿ, ಮಗುವಿನ ಕಣ್ಣು ನೋಡ್ಕೊಂಡು ಎಳೀತೀರಿ ಬಿಡ್ತೀರಿ. ವಿಡಿಯೋಗೆ ಆ ಕಣ್ಣಿಲ್ಲ.

ಶಿಶುವಿಹಾರದ ಟೀಚರ್

ಅದು ನಿಜ. ಅದಕ್ಕೇ ನನ್ನ ದೊಡ್ಡ ತಕರಾರು ಇರೋದು ಪರದೆಯ ಮೇಲೇನೇ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು, ಒಂದು ವರ್ಷದ ಮಕ್ಕಳಿಗೆ ಪರದೆ ಬೇಡ, ಎರಡು ವರ್ಷದಿಂದ ದಿನಕ್ಕೆ ಒಂದು ಗಂಟೆ ಮೀರಬಾರದು, ಕಮ್ಮಿ ಆದಷ್ಟೂ ಒಳ್ಳೇದು. ಮಲಗೋ ಒಂದು ಗಂಟೆ ಮುಂಚೆ ಆರಿಸಿ ಅಂತ ಮಕ್ಕಳ ವೈದ್ಯರು ಹೇಳ್ತಾರೆ. ನೀವು ಎಷ್ಟೇ ನಯವಾಗಿ ಮಾಡಿದ್ರೂ ಅದು ಮಗುವಿನ ಮುಖದ ಮೇಲೆ ಬೀಳೋ ಬೆಳಕು.

ಅವಳಿಅಮ್ಮ

ಫೋನಲ್ಲಿ ಹಳದಿ ಬಣ್ಣ ಬರೋ ಸೆಟ್ಟಿಂಗ್ ಇದೆಯಲ್ಲ ಟೀಚರ್, ಅದು ಹಾಕಿದ್ರೆ ಸಾಕಲ್ವಾ?

ಶಿಶುವಿಹಾರದ ಟೀಚರ್

ಬಣ್ಣ ಹಳದಿ ಆದ ಮಾತ್ರಕ್ಕೆ ಸಾಲದಮ್ಮ, ಬೆಳಕೇ ಕಮ್ಮಿ ಆಗಬೇಕು. ಪುಟ್ಟ ಮಕ್ಕಳ ಕಣ್ಣು ನಮ್ಮದಕ್ಕಿಂತ ಜಾಸ್ತಿ ಬೆಳಕು ಒಳಗೆ ಬಿಡುತ್ತೆ.

ಗೀರುಗೆರೆ

ಟೀಚರ್ ಮಾತು ಚುಚ್ಚಿತು, ಆದ್ರೆ ಅದರಿಂದಲೇ ಒಂದು ದಾರಿ ಹೊಳೀತು. ದೀಪಗಳು ಒಂದೊಂದಾಗಿ ಆರೋದ್ರಿಂದ ಇಡೀ ಚಿತ್ರವೇ ಕತ್ತಲಾಗ್ತಾ ಹೋಗಬಹುದು. ಅರ್ಧಕ್ಕೆ ಬರೋ ಹೊತ್ತಿಗೆ ನೋಡೋಕೆ ಏನೂ ಉಳಿದಿರಬಾರದು, ಕೇಳೋಕೆ ಮಾತ್ರ. ಅಕ್ಕ ಫೋನನ್ನ ಮಗುಚಿಟ್ಟರೂ ಕಥೆ ನಡೀತಿರಬೇಕು. ಈ ವಾರ ಹಾಗೆ ಮಾಡ್ತೀನಿ.

ಕೀಫ್ರೇಮ್

ಎಚ್ಚರ. ಕಡುಗತ್ತಲಿನ ಗ್ರೇಡಿಯೆಂಟನ್ನ ನಿಧಾನಕ್ಕೆ ಆರಿಸಿದ್ರೆ ಪಟ್ಟೆ ಪಟ್ಟೆ ಬರುತ್ತೆ. ಅಪ್‌ಲೋಡ್ ಆದ ಮೇಲೆ ಚೌಕ ಚೌಕ ಹರಿದಾಡುತ್ತೆ, ಇರುವೆ ಸಾಲು ಹೋದ ಹಾಗೆ. ಆಕಾಶಕ್ಕೆ ಗ್ರೇಡಿಯೆಂಟ್ ಬಿಟ್ಟು ಒಂದೇ ಬಣ್ಣ ಬಳೀರಿ. ಸ್ವಲ್ಪ ಗ್ರೇನ್ ಹಾಕಿದ್ರೂ ಆಗುತ್ತೆ, ಆದ್ರೆ ಕಂಪ್ರೆಷನ್ನು ಅದನ್ನೂ ನುಂಗಿಬಿಡಬಹುದು.

ಗೀರುಗೆರೆ (ಒಂಬತ್ತು ದಿನ ಆದಮೇಲೆ)

ತಡ ಆಯ್ತು, ಕ್ಷಮಿಸಿ. ಏನೇನು ಮಾಡಿದೆ ಅಂತ ಹೇಳ್ತೀನಿ.

ಏಳು ಮರಿ ಐದಾಯ್ತು. ಪ್ರಶ್ನೆ ಹೋಯ್ತು, ಪದಜೋಗಿಯವರ 'ಊ' ಬಂತು. ದೀಪಕ್ಕೆ ಸದ್ದಿಲ್ಲ, 72 ಫ್ರೇಮ್. ಸುತ್ತು 45 ಸೆಕೆಂಡೇ ಇಟ್ಟೆ, ಟೀಚರ್ ಹೇಳಿದ ಹಾಗೆ ಒಳಗಿನದನ್ನ ಕಳಚ್ತಾ ಹೋದೆ. ಐದನೇ ಮರಿಗೆ ಇರೋದು ಒಂದೇ ಸಾಲು ಮಾತು, ಉಳಿದದ್ದು ಬರೀ ಉಸಿರು. ಈಗ ಅಂಕಿ `I: -18.6`, `LRA: 5.2`, `Peak: -7.3`. ಒಂದು ಕೈ ಅಳತೆಯಲ್ಲಿ ಫೋನ್ ಇಟ್ಟು ಕೇಳಿದೆ. ಮೊದಲ ಸಲ ಹಿನ್ನೆಲೆ ಸಂಗೀತ ಫೋನಲ್ಲಿ ಕೇಳಿಸ್ತು. ಎರಡು ತಿಂಗಳು ಅದು ಅಲ್ಲಿ ಇರಲೇ ಇಲ್ಲ ಅಂತ ಈಗ ಗೊತ್ತಾಯ್ತು.

ಮೊದಲ ರಾತ್ರಿ ಹುಡುಗಿ ತಾನೇ "ಟಿಕ್" ಅಂದಳು. ದೀಪ ಅವಳ ಮಾತು ಕೇಳದೆ ತನ್ನ ಪಾಡಿಗೆ ಮಂಕಾಗ್ತಾ ಇತ್ತು. ಎರಡನೇ ರಾತ್ರಿಯೂ ಅಂದಳು. ಮೂರನೇ ರಾತ್ರಿ ಅನ್ನಲಿಲ್ಲ.

ಆದರೆ ಹೊಸ ತೊಂದರೆ. ಕೊನೆಗೆ ಪರದೆ ಪೂರ್ತಿ ಕಪ್ಪಾದ ತಕ್ಷಣ "ಹೋಯ್ತು!" ಅಂತ ಎದ್ದು ಫೋನ್ ಕಿತ್ತುಕೊಂಡು ಒತ್ತೋಕೆ ಶುರು ಮಾಡ್ತಾಳೆ. ಕೆಟ್ಟುಹೋಯ್ತು ಅಂದುಕೊಳ್ತಾಳೆ. ಅದಕ್ಕೆ ಕಪ್ಪು ಮಾಡೋ ಬದಲು ಮೂಲೆಯಲ್ಲಿ ಒಂದು ಕಡ್ಡಿಯಷ್ಟು ಕೆಂಚು ಬೆಳಕು ಉಳಿಸಿದೆ, ಒಲೆಯಲ್ಲಿ ಕೆಂಡ ಉಳಿದ ಹಾಗೆ. ನೆನ್ನೆ ರಾತ್ರಿ ನಾಲ್ಕನೇ ಮರಿ ಹೊತ್ತಿಗೆ ಗೋಡೆ ಕಡೆ ತಿರುಗಿ ಮಲಗಿದಳಂತೆ. ನಿದ್ದೆ ಬಂದಿರಲಿಲ್ಲ, ಆದರೆ ನೋಡ್ತಾ ಇರಲಿಲ್ಲ.

ಶಿಶುವಿಹಾರದ ಟೀಚರ್

ಆ ಗೋಡೆ ಕಡೆ ತಿರುಗಿದ ಕ್ಷಣ ಫೋನ್ ಮಗುಚೋಕೆ ಹೇಳಿ ಅಕ್ಕನಿಗೆ. ಒಂದು ವಾರ ಆದಮೇಲೆ ಮೊದಲ ಮರಿಗೇ ಮಗುಚಿ ನೋಡಲಿ. ನಾನು ಆ ಕೆಂಡವನ್ನೂ ಆರಿಸಿ ಅಂತಲೇ ಹೇಳೋದು.

ಕೀಫ್ರೇಮ್

ನಾನು ಕೆಂಡದ ಪರ. ಆರಿಸಿದ್ರೆ ಮತ್ತೆ ಫೋನ್ ಕಿತ್ಕೊಳ್ತಾಳೆ.

ನಿಧಾನವೇಸರಿ

ಸುತ್ತು ಒಂದನ್ನ 60 ಸೆಕೆಂಡ್ ಮಾಡಿ ಇನ್ನೊಂದು ಫೈಲ್ ಮಾಡಿ ಗೀರುಗೆರೆ. ಒಂದು ವಾರ ಇದು, ಒಂದು ವಾರ ಅದು. ಆಮೇಲೆ ಮಾತಾಡೋಣ.

ಧ್ವನಿಪೆಟ್ಟಿಗೆ

ಹೊಸ ವಾರಕ್ಕೆ ಹೊಸ ಫೈಲ್ ಅಂದ್ರೆ ಅವಳಿಗೆ ಅದು ಹೊಸ ಕಥೆ, ಮತ್ತೆ ಬಾಯಿಬಿಟ್ಟುಕೊಂಡು ನೋಡ್ತಾಳೆ. ಹೋಲಿಸೋದಾದ್ರೆ ಎರಡರಲ್ಲೂ ಮೊದಲ ಮೂರು ರಾತ್ರಿ ಲೆಕ್ಕಕ್ಕೆ ಹಿಡೀಬೇಡಿ. ಅಂದ ಹಾಗೆ ಪೀಕ್ -7.3 ಇನ್ನೂ ಎಲ್ಲಿಂದ ಬರ್ತಿದೆ? ಟಿಕ್ ಹೋದ ಮೇಲೆ ಅಷ್ಟು ಇರಬಾರದಿತ್ತು.

ಗೀರುಗೆರೆ

ಈಗ ನೋಡಿದೆ. ಎರಡನೇ ಸುತ್ತಿನಲ್ಲಿ 'ಪಕ್ಕದಲ್ಲಿ' ಅಂತ ಓದಿದ್ದೀನಿ, ಆ 'ಪ' ಮೈಕಿಗೆ ಗಾಳಿ ಊದಿದೆ. 'ಮಗ್ಗುಲಲ್ಲಿ' ಅಂತ ಮಾಡಿ ಇವತ್ತು ರಾತ್ರಿ ಮತ್ತೆ ರೆಕಾರ್ಡ್ ಮಾಡ್ತೀನಿ.